ನಾನು ಕೊಟ್ಟ ರೇಟಿಂಗ್ 4, ಸಭೆಯಲ್ಲಿ ಅದು 3 ಆಗಿದ್ದು ಹೇಗೆ?

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್ ಆಗಿ ಎರಡು ವರ್ಷ ಆಯಿತು. ನನ್ನ ಟೀಮಿನಲ್ಲಿ ಒಂಬತ್ತು ಜನ. ಕಳೆದ ವರ್ಷದ ಕೆಲಸದ ರೇಟಿಂಗ್‌ನಲ್ಲಿ ಟೆಸ್ಟಿಂಗ್ ಮಾಡುವ ಒಬ್ಬ ಹುಡುಗಿಗೆ ಐದಕ್ಕೆ 4 ಕೊಟ್ಟಿದ್ದೆ. ಎಲ್ಲ ಮ್ಯಾನೇಜರ್‌ಗಳ ರೇಟಿಂಗ್ ಒಟ್ಟಿಗೆ ಇಟ್ಟು ನೋಡುವ ಕ್ಯಾಲಿಬ್ರೇಷನ್ ಮೀಟಿಂಗ್‌ನಲ್ಲಿ ಎರಡೇ ನಿಮಿಷ ಮಾತಾಡಿ ಅದನ್ನು 3 ಮಾಡಿಬಿಟ್ಟರು. ಅವಳು ಕಾರಣ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. 'ಹೇಗಿದ್ದರೂ ಕತ್ತರಿಸ್ತಾರೆ, ಈ ಸಲ ಎಲ್ಲರಿಗೂ ಒಂದೊಂದು ಜಾಸ್ತಿ ಹಾಕ್ಕೊಂಡು ಹೋಗು' ಅಂತ ಪಕ್ಕದ ಟೀಮಿನ ಮ್ಯಾನೇಜರ್ ಹೇಳುತ್ತಿದ್ದಾರೆ. ಬೆಲ್ ಕರ್ವ್ ಪ್ರಕಾರ ಎಲ್ಲ ಮೊದಲೇ ತೀರ್ಮಾನ ಆಗಿರುತ್ತದಾ? ಅವಳಿಗೆ ನಾನು ಏನು ಹೇಳಬೇಕಿತ್ತು?

ಉತ್ತರ: ಒಂದೊಂದು ಜಾಸ್ತಿ ಹಾಕಿಕೊಂಡು ಹೋಗಬೇಡಿ. ಹಾಗೆ ಹೋದರೆ ಮೊದಲು ಪೆಟ್ಟು ಬೀಳುವುದು ನಿಮ್ಮ ಟೀಮಿನಲ್ಲಿ ನಿಜವಾಗಿ ಚೆನ್ನಾಗಿ ಕೆಲಸ ಮಾಡಿದವರಿಗೇ. ಯಾಕೆ ಎನ್ನುವುದು ಆ ಎರಡು ನಿಮಿಷದಲ್ಲಿ ಏನು ನಡೆಯುತ್ತದೆ ಎಂಬುದರಲ್ಲಿದೆ. ಎಚ್‌ಆರ್ ಕೆಲಸದಲ್ಲಿ ಇಂಥ ಸಭೆಗಳನ್ನು ನಡೆಸುವ ಕುರ್ಚಿಯಲ್ಲಿ ನಾನು ಬಹಳ ವರ್ಷ ಕೂತಿದ್ದೇನೆ. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ಬೆಲ್ ಕರ್ವ್ ವಿಷಯ. ಕ್ಯಾಲಿಬ್ರೇಷನ್ ಮತ್ತು ಬೆಲ್ ಕರ್ವ್ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಅವೆರಡೂ ಬೇರೆ ಬೇರೆ. 'ನೂರಕ್ಕೆ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಇರಲೇಬೇಕು' ಎಂದು ಮೊದಲೇ ಗೆರೆ ಎಳೆದು ಜನರನ್ನು ಅದರೊಳಗೆ ಕೂರಿಸುವುದು ಬೆಲ್ ಕರ್ವ್ ಪದ್ಧತಿ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ನೂರಕ್ಕೆ 20 ಜನ ಮೇಲೆ, 70 ಜನ ನಡುವೆ, 10 ಜನ ಕೆಳಗೆ ಎಂಬ 20-70-10 ಭಾಗದಿಂದ ಇದು ಹೆಸರಾಯಿತು. ಇಂಥದೇ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಕ್ಯಾಲಿಬ್ರೇಷನ್ ಎಂದರೆ ಬೇರೆ ಬೇರೆ ಮ್ಯಾನೇಜರ್‌ಗಳು ಕೊಡುವ 4 ಒಂದೇ ತೂಕದ್ದೇ ಎಂದು ಪರೀಕ್ಷಿಸುವುದು. ಹತ್ತನೇ ತರಗತಿ ಉತ್ತರ ಪತ್ರಿಕೆ ತಿದ್ದಲು ಕೂತ ಮೇಷ್ಟ್ರುಗಳಲ್ಲಿ ಒಬ್ಬರ ಕೈ ಧಾರಾಳ, ಇನ್ನೊಬ್ಬರ ಕೈ ಬಿಗಿ. ಎಲ್ಲರ ಕೈಗೂ ಒಂದೇ ಮಾದರಿ ಉತ್ತರ ಕೊಡುವುದು ಇದಕ್ಕಾಗಿಯೇ. ಕ್ಯಾಲಿಬ್ರೇಷನ್ ಸಭೆ ಮಾಡಬೇಕಾದದ್ದೂ ಅದೇ ಕೆಲಸ.

ಆ ಕೆಲಸದ ಅಗತ್ಯ ಎಷ್ಟಿದೆ ಎನ್ನುವುದಕ್ಕೆ ಒಂದು ಅಧ್ಯಯನ ನೆನಪಾಗುತ್ತದೆ. 2000ನೇ ಇಸವಿಯಲ್ಲಿ ಸ್ಕಲ್ಲನ್, ಮೌಂಟ್ ಮತ್ತು ಗಾಫ್ ಎಂಬ ಅಮೆರಿಕದ ಸಂಶೋಧಕರು ಸಾವಿರಾರು ಮ್ಯಾನೇಜರ್‌ಗಳಿಗೆ ಸಿಕ್ಕ ರೇಟಿಂಗ್‌ಗಳನ್ನು ಪರಿಶೀಲಿಸಿದರು. ರೇಟಿಂಗ್‌ಗಳ ನಡುವಿನ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಕಾರಣ ರೇಟಿಂಗ್ ಕೊಟ್ಟವರ ಸ್ವಂತ ರೀತಿಯೇ ಹೊರತು ಕೆಲಸ ಮಾಡಿದವರ ಸಾಧನೆಯಲ್ಲ ಎಂದು ಅದರಲ್ಲಿ ಕಂಡುಬಂತು. ನೀವು ಕೊಟ್ಟ 4ರಲ್ಲಿ ಆ ಹುಡುಗಿ ಎಷ್ಟಿದ್ದಾಳೋ ನೀವೂ ಅಷ್ಟೇ ಇದ್ದೀರಿ. ನಿಮ್ಮ ಮೇಲಿನ ಆರೋಪವಾಗಿ ಇದನ್ನು ಹೇಳುತ್ತಿಲ್ಲ. ನನ್ನ ಅಂಕಗಳಿಗೂ ಇದೇ ಮಾತು.

ಆದರೂ ಕ್ಯಾಲಿಬ್ರೇಷನ್ ಎಂಬ ಹೆಸರಿಟ್ಟುಕೊಂಡು ಬೆಲ್ ಕರ್ವ್ ತುಂಬಿಸುವ ಕಂಪನಿಗಳು ಇಲ್ಲವೇ? ಇವೆ. ನಿಮ್ಮದು ಯಾವುದು ಎಂದು ತಿಳಿಯಲು ಸಭೆಗೆ ಎರಡು ವಾರ ಮೊದಲೇ ನಿಮ್ಮ ಎಚ್‌ಆರ್‌ನವರನ್ನು ಒಂದು ಪ್ರಶ್ನೆ ಕೇಳಿ: 'ಎಲ್ಲ ಚರ್ಚೆ ಮುಗಿದ ಮೇಲೂ ಶೇಕಡಾವಾರು ಹೊಂದದಿದ್ದರೆ ಏನು ಮಾಡುತ್ತೀರಿ?' 'ಕಾರಣ ಬರೆದು ಹಾಗೇ ಕಳಿಸುತ್ತೇವೆ' ಎಂಬ ಉತ್ತರ ಬಂದರೆ ಅದು ಕ್ಯಾಲಿಬ್ರೇಷನ್. 'ಹೊಂದುವವರೆಗೆ ಯಾರನ್ನಾದರೂ ಇಳಿಸಬೇಕಾಗುತ್ತದೆ' ಎಂದರೆ ಅದು ಬೆಲ್ ಕರ್ವ್. ಎರಡನೆಯದಾಗಿದ್ದರೆ ನಿಮ್ಮ ಕೈಯಲ್ಲಿ ಒಂದು ಸಣ್ಣ ಲೆಕ್ಕ ಇರಲಿ. ಇಡೀ ಕಂಪನಿಯಲ್ಲಿ ನೂರಕ್ಕೆ ಹತ್ತು ಜನ ನಿಜವಾಗಿಯೂ 2ರ ಮಟ್ಟದಲ್ಲಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಅವರು ಟೀಮುಗಳಲ್ಲಿ ಹೇಗೆಂದರೆ ಹಾಗೆ ಹಂಚಿಹೋಗಿದ್ದರೆ, ಒಂಬತ್ತು ಜನರ ಟೀಮಿನಲ್ಲಿ ಅಂಥವರು ಒಬ್ಬರೂ ಇಲ್ಲದಿರುವ ಸಾಧ್ಯತೆ 0.9 ಅನ್ನು ಒಂಬತ್ತು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 39. ಒಂಬತ್ತು ಜನರ ನೂರು ಟೀಮುಗಳಿದ್ದರೆ ಸುಮಾರು 39 ಟೀಮುಗಳಲ್ಲಿ 2 ಕೊಡಲು ಯಾರೂ ಇರುವುದಿಲ್ಲ, ಕೆಲವು ಟೀಮುಗಳಲ್ಲಿ ಇಬ್ಬರು ಮೂವರು ಇರುತ್ತಾರೆ. ಹಾಗಾಗಿ ಪ್ರತಿ ಸಣ್ಣ ಟೀಮಿನಿಂದಲೂ ಒಬ್ಬರನ್ನು ಕೊಡಿ ಎಂದು ಕೇಳುವುದು ಲೆಕ್ಕದಲ್ಲೇ ತಪ್ಪು. ನ್ಯಾಯ-ಅನ್ಯಾಯದ ಮಾತು ಎತ್ತಿದಾಗ ಕಿವಿಗೆ ಹಾಕಿಕೊಳ್ಳದ ಹಿರಿಯ ಅಧಿಕಾರಿಗಳು ಈ ಲೆಕ್ಕಕ್ಕೆ ಸುಮ್ಮನಾದದ್ದನ್ನು ನೋಡಿದ್ದೇನೆ. ಹಂಚಿಕೆಯ ಗೆರೆ ಬೇಕೇ ಬೇಕು ಎಂದಾದರೆ ಅದನ್ನು ಇನ್ನೂರು ಮುನ್ನೂರು ಜನರ ಇಡೀ ವಿಭಾಗದ ಮಟ್ಟದಲ್ಲಿ ನೋಡಲಿ.

ಈಗ ಸಭೆಯ ಒಳಗೆ ಹೋಗೋಣ. ನಾನು ನಡೆಸಿದ ಒಂದು ಸಭೆಯನ್ನು, ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಮೂರು ಟೀಮು, 26 ಜನ. ಮೊದಲ ಮ್ಯಾನೇಜರ್ ತಮ್ಮ ಒಂಬತ್ತು ಜನರಲ್ಲಿ ಇಬ್ಬರಿಗೆ 5, ಆರು ಜನಕ್ಕೆ 4, ಒಬ್ಬರಿಗೆ 3 ಕೊಟ್ಟಿದ್ದರು. ಸರಾಸರಿ 4.11. ಎರಡನೆಯವರು ತಮ್ಮ ಎಂಟು ಜನರಲ್ಲಿ ಒಬ್ಬರಿಗೆ 4, ಐವರಿಗೆ 3, ಇಬ್ಬರಿಗೆ 2. ಸರಾಸರಿ 2.88. ಮೂರನೆಯವರ ಒಂಬತ್ತು ಜನರ ಸರಾಸರಿ 3.44, ನಡುವೆ ಎಲ್ಲೋ. ಈ ಮೂರು ಅಂಕಿ ನೋಡಿದ ತಕ್ಷಣ ವಿಭಾಗದ ಮುಖ್ಯಸ್ಥರು, 'ಮೊದಲನೆಯವರ ಟೀಮಿನಲ್ಲಿ ಎಲ್ಲರದೂ ಅರ್ಧ ಅರ್ಧ ಇಳಿಸಿ, ಎರಡನೆಯವರದು ಅರ್ಧ ಏರಿಸಿ, ಊಟಕ್ಕೆ ಹೋಗೋಣ' ಎಂದರು.

ಕೇಳಲು ಸರಿ ಎನಿಸುತ್ತದೆ. ಆದರೆ ಅದು ಕೆಲಸಕ್ಕೆ ಬರುವುದಿಲ್ಲ. ಮೊದಲನೆಯದು, ಸರಾಸರಿ ಹೆಚ್ಚಿದೆ ಎಂದ ಮಾತ್ರಕ್ಕೆ ಕೈ ಧಾರಾಳ ಎಂದು ಹೇಳಲಾಗದು, ಆ ಟೀಮು ನಿಜವಾಗಿ ಚೆನ್ನಾಗಿಯೇ ಇರಬಹುದು. ಎರಡನೆಯದು, ಧಾರಾಳಿಯ ತಪ್ಪು ಎಲ್ಲರ ಮೇಲೂ ಸಮವಾಗಿ ಬಿದ್ದಿರುವುದಿಲ್ಲ. ಅವರ ಆರು 4ರೊಳಗೆ ನಿಜವಾದ 4 ಕೂಡ ಇದೆ, 3 ಆಗಬೇಕಾಗಿದ್ದದ್ದೂ ಇದೆ. ಎಲ್ಲರನ್ನೂ ಒಟ್ಟಿಗೆ ಇಳಿಸಿದರೆ ನಿಜವಾಗಿ ದುಡಿದವರಿಗೆ ಮೋಸವಾಗುತ್ತದೆ, ಉಳಿದವರಿಗೆ ತಮ್ಮ ಸರಿಯಾದ ಜಾಗವೂ ತಿಳಿಯುವುದಿಲ್ಲ.

ನಾವು ಮಾಡಿದ್ದು ಇದು. ಒಂದೊಂದು ಟೀಮಿನಿಂದ ಒಬ್ಬೊಬ್ಬರನ್ನು, ಅದೂ ಅಂಕದ ಗಡಿಯಲ್ಲಿ ನಿಂತವರನ್ನು, ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟೆವು. ಮೊದಲನೆಯವರ ಒಂದು 4: ಒಬ್ಬ ಡೆವಲಪರ್. ವರ್ಷವಿಡೀ ಒಪ್ಪಿಕೊಂಡ ಕೆಲಸವನ್ನೆಲ್ಲ ಹೇಳಿದ ದಿನಕ್ಕೆ ಮುಗಿಸಿದ್ದ, ತಂಟೆ ತಕರಾರು ಇಲ್ಲ, ಎಲ್ಲರಿಗೂ ಇಷ್ಟ. ಎರಡನೆಯವರ ಒಂದು 3: ಸಪೋರ್ಟ್ ಟೀಮಿನ ಒಬ್ಬ ಎಂಜಿನಿಯರ್. ರಾತ್ರಿ ಓಡುವ ಲೆಕ್ಕ ಹೊಂದಿಸುವ ಪ್ರೋಗ್ರಾಂ ತಿಂಗಳಿಗೆ ಹತ್ತು ಹನ್ನೊಂದು ಸಲ ಬಿದ್ದು ಯಾರನ್ನಾದರೂ ನಿದ್ದೆಯಿಂದ ಎಬ್ಬಿಸುತ್ತಿತ್ತು. ಯಾರೂ ಹೇಳದಿದ್ದರೂ ಆತ ಅದರ ಬೇರು ಹುಡುಕಿ, ಬೇರೆ ಎರಡು ಟೀಮಿನವರ ಜೊತೆ ಕೂತು ಸರಿಪಡಿಸಿದ್ದ. ಆಮೇಲೆ ತಿಂಗಳಿಗೆ ಒಂದೋ ಎರಡೋ ಸಲ ಮಾತ್ರ ಕರೆ ಬರುತ್ತಿತ್ತು.

ಇಬ್ಬರದೂ ಒಂದೇ ಹುದ್ದೆಯ ಮಟ್ಟ. 'ಈ ಮಟ್ಟದವರಿಂದ ನಾವು ಸಂಬಳ ಕೊಟ್ಟು ನಿರೀಕ್ಷಿಸುವುದು ಏನು?' ಎಂದು ನಾನು ಕೇಳಿದೆ. ಹೇಳಿದ ಕೆಲಸ ಹೇಳಿದ ದಿನಕ್ಕೆ ಮುಗಿಸುವುದು ಎಂದು ಮೂವರೂ ಒಪ್ಪಿದರು. ಹಾಗಾದರೆ ಅದು 3. ಕೇಳದೆಯೇ ಕೈಗೆತ್ತಿಕೊಂಡ ಕೆಲಸ, ಅದರ ಫಲ ತಮ್ಮ ಟೀಮಿನ ಆಚೆಗೂ ತಲುಪಿದ್ದು, ಅದು 4. ಈ ಎರಡು ವಾಕ್ಯ ಬೋರ್ಡಿನ ಮೇಲೆ ಬರೆದ ಮೇಲೆ ಮೊದಲ ಮ್ಯಾನೇಜರ್ ತಾವೇ ತಮ್ಮ ಪಟ್ಟಿ ತೆಗೆದು ನೋಡಿದರು. ಆರು 4ರಲ್ಲಿ ನಾಲ್ಕು ಗಟ್ಟಿಯಾಗಿ ನಿಂತವು, ಎರಡು 3ಕ್ಕೆ ಬಂದವು. ಅವರ ಎರಡು 5 ಅಲುಗಾಡಲಿಲ್ಲ. ಸಪೋರ್ಟ್ ಎಂಜಿನಿಯರ್ 3ರಿಂದ 4ಕ್ಕೆ ಹೋದ.

ಎರಡನೆಯವರ ಟೀಮಿನಲ್ಲಿ ಇನ್ನೊಂದು ಸಿಕ್ಕಿತು. 2 ಪಡೆದ ಇಬ್ಬರಲ್ಲಿ ಒಬ್ಬಾಕೆ ಹೆರಿಗೆ ರಜೆಯಲ್ಲಿದ್ದವರು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಅಂದರೆ ಆಕೆ ಆ ವರ್ಷ ಕೆಲಸ ಮಾಡಿದ್ದು ಅರ್ಧ ವರ್ಷ. ಮ್ಯಾನೇಜರ್ ಮಾತ್ರ ಆಕೆಯ ಕೆಲಸದ ಮೊತ್ತವನ್ನು ಇಡೀ ವರ್ಷ ದುಡಿದವರ ಮೊತ್ತದ ಪಕ್ಕ ಇಟ್ಟು, ಕಡಿಮೆ ಇದೆ ಎಂದು 2 ಹಾಕಿದ್ದರು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಪಟ್ಟಿ ನೋಡಿ ಅಂಕ ಹಾಕಿದ್ದರು ಅಷ್ಟೇ. ಕೆಲಸದಲ್ಲಿದ್ದ ತಿಂಗಳುಗಳನ್ನು ಮಾತ್ರ ನೋಡಿದಾಗ ಅದು ಸ್ಪಷ್ಟವಾಗಿ 3. ಈ ತಪ್ಪು ನನಗೆ ಹೆಚ್ಚುಕಡಿಮೆ ಪ್ರತಿ ವರ್ಷ ಸಿಗುತ್ತದೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಯಾರಾದರೂ ಕೇಳದಿದ್ದರೆ ಅದು ಹಾಗೇ ದಾಟಿಹೋಗುತ್ತದೆ.

ಸಭೆ ಮುಗಿದಾಗ 26 ಜನರಲ್ಲಿ ಅಂಕ ಬದಲಾದದ್ದು ನಾಲ್ವರದು ಮಾತ್ರ: ಇಬ್ಬರದು ಇಳಿಯಿತು, ಇಬ್ಬರದು ಏರಿತು. ಮೊದಲ ಟೀಮಿನ ಸರಾಸರಿ 3.89ಕ್ಕೆ ಬಂತು, ಎರಡನೆಯದು 3.13ಕ್ಕೆ ಹೋಯಿತು. ಇನ್ನೂ ಅಂತರ ಇದೆ ನೋಡಿ. ಅದು ಇರಲಿ ಎಂದೇ ಬಿಟ್ಟೆವು, ಯಾಕೆಂದರೆ ಮೊದಲ ಟೀಮು ಆ ವರ್ಷ ನಿಜಕ್ಕೂ ಒಂದು ಕೈ ಮೇಲಿತ್ತು. ಎಲ್ಲ ಟೀಮಿನ ಸರಾಸರಿ ಒಂದೇ ಆಗಿ ಹೊರಬರುವ ಸಭೆಯಲ್ಲಿ ಯಾರೋ ಕೆಲಸ ನೋಡದೆ ಅಂಕಿ ಹೊಂದಿಸಿದ್ದಾರೆ ಎಂದು ನಾನು ಅನುಮಾನಪಡುತ್ತೇನೆ.

ನಿಮ್ಮ ಪಕ್ಕದ ಮ್ಯಾನೇಜರ್ ಸಲಹೆಯನ್ನು ಈ ಸಭೆಯಲ್ಲಿ ಇಟ್ಟು ನೋಡಿ. ನೀವು 3ರವರಿಗೂ 4 ಹಾಕಿಕೊಂಡು ಬಂದಿದ್ದೀರಿ. ನಡೆಸುವವರು ಗಡಿಯಲ್ಲಿ ನಿಂತ ಒಬ್ಬರ ಬಗ್ಗೆ ಕೇಳುತ್ತಾರೆ, ನಿಮ್ಮ ಬಳಿ ಹೇಳಲು ಗಟ್ಟಿಯಾದದ್ದು ಇಲ್ಲ. ಇನ್ನೊಬ್ಬರ ಬಗ್ಗೆ ಕೇಳುತ್ತಾರೆ, ಅಲ್ಲೂ ಇಲ್ಲ. ಮೂರನೆಯ ಹೆಸರು ಬರುವ ಹೊತ್ತಿಗೆ 'ಇವರ 4 ಎಂದರೆ 3' ಎಂದು ಕೋಣೆಯಲ್ಲಿರುವವರೆಲ್ಲ ತೀರ್ಮಾನಿಸಿ ಆಗಿರುತ್ತದೆ. ಆ ಮೂರನೆಯವರು ನಿಜವಾದ 4 ಆಗಿದ್ದರೂ ಅವರನ್ನೂ ಇಳಿಸುತ್ತಾರೆ. ಹಣದ ಕಡೆಯಿಂದ ನೋಡಿದರೂ ಅಷ್ಟೇ. ಹೈಕ್‌ಗೆ ಬರುವ ಮೊತ್ತ ಸಾಮಾನ್ಯವಾಗಿ ಮೊದಲೇ ನಿಗದಿಯಾಗಿರುತ್ತದೆ, ಆದ್ದರಿಂದ 4ರವರು ಹೆಚ್ಚಾದಷ್ಟೂ ಒಬ್ಬೊಬ್ಬ 4ರವರ ಪಾಲು ತೆಳುವಾಗುತ್ತದೆ. ಇನ್ನು ಕೆಲವು ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ ಮ್ಯಾನೇಜರ್ ಮೊದಲು ಹಾಕಿದ ಅಂಕ ಉದ್ಯೋಗಿಗೂ ಕಾಣುತ್ತದೆ. ಅಲ್ಲಿ ನೀವು ಒಂಬತ್ತು ಜನಕ್ಕೂ ಆಸೆ ತೋರಿಸಿ ಆಮೇಲೆ ಕಿತ್ತುಕೊಂಡ ಹಾಗಾಗುತ್ತದೆ.

ಕಳೆದ ವರ್ಷದ ಆ ಎರಡು ನಿಮಿಷ ಎರಡು ರೀತಿಯಲ್ಲಿ ಕೆಟ್ಟಿರಬಹುದು. ನಿಮ್ಮ ಟಿಪ್ಪಣಿಯಲ್ಲಿ 'ತುಂಬಾ ಶ್ರಮಜೀವಿ, ಒಳ್ಳೆಯ ಮನೋಭಾವ, ಯಾವಾಗಲೂ ಸಹಾಯಕ್ಕೆ ಸಿದ್ಧ' ಎಂಬಂಥ ಮಾತುಗಳೇ ಇದ್ದಿದ್ದರೆ ಅದು ತಯಾರಿಯ ಕೊರತೆ. ಅಂಥ ಮಾತು ಯಾರ ಬಗ್ಗೆ ಬೇಕಾದರೂ ಹೇಳಬಹುದು, ಹಾಗಾಗಿ ಒಂದು ಸಣ್ಣ ಆಕ್ಷೇಪಣೆಗೇ ಬಿದ್ದುಹೋಗುತ್ತದೆ. ಹೆಣ್ಣುಮಕ್ಕಳ ಬಗ್ಗೆ ಬರೆಯುವಾಗ ಮ್ಯಾನೇಜರ್‌ಗಳು ಸ್ವಭಾವ ಹೊಗಳಿ ಸಾಧನೆ ಬರೆಯುವುದನ್ನೇ ಮರೆಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮ ಹಳೆಯ ಟಿಪ್ಪಣಿ ತೆಗೆದು ಒಮ್ಮೆ ಓದಿ ನೋಡಿ. ಇನ್ನೊಂದು ಸಾಧ್ಯತೆ, ಸಭೆಯೇ ಸರಿಯಾಗಿ ನಡೆದಿರಲಿಲ್ಲ. ವಿಭಾಗದ ಮುಖ್ಯಸ್ಥರು ಮೊದಲು ಬಾಯಿ ತೆರೆದು 'ನನಗೇನೂ 4 ಅನ್ನಿಸಲಿಲ್ಲ' ಎಂದರೆ ಉಳಿದವರು ತಲೆಯಾಡಿಸುತ್ತಾರೆ. ಅದಕ್ಕೇ ನಾನು ಅವರು ಕೊನೆಯಲ್ಲಿ ಮಾತಾಡಬೇಕು ಎಂಬ ನಿಯಮ ಇಡುತ್ತೇನೆ. ಯಾರೋ ಒಬ್ಬರು 'ಆಕೆ ಮಾರ್ಚ್‌ನಲ್ಲಿ ಏನೋ ತಪ್ಪು ಮಾಡಿದ್ದಳು ಅಂತ ಕೇಳಿದ್ದೆ' ಎಂದರೆ ಏಪ್ರಿಲ್‌ನಿಂದ ಫೆಬ್ರವರಿವರೆಗಿನ ಹನ್ನೊಂದು ತಿಂಗಳು ಅಳಿಸಿಹೋಗುತ್ತವೆ. ದಿನಾಂಕ ಮತ್ತು ಘಟನೆ ಹೇಳಲಾಗದ ಯಾವ ಮಾತನ್ನೂ ನನ್ನ ಸಭೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಬರುವ ಟೀಮಿಗೆ ಸಮಯವೇ ಉಳಿಯದಿರುವುದೂ ಇದೆ. ಮೊದಲ ಹೆಸರಿಗೆ ಇಪ್ಪತ್ತು ನಿಮಿಷ, ಕೊನೆಯ ಹೆಸರಿಗೆ ಎರಡು.

ಕೋಣೆಯಲ್ಲಿ ಕೂತಾಗ ಇನ್ನೊಂದನ್ನು ಗಮನಿಸಿ. ಇಂಥ ಸಭೆ ತಾನಾಗಿಯೇ ಇಳಿಜಾರಿನ ಕಡೆ ವಾಲುತ್ತದೆ. ಇಳಿಸಲು ಒಂದು ಅನುಮಾನದ ಮಾತು ಸಾಕು, ಏರಿಸಲು ಮಾತ್ರ ಯಾರಾದರೂ ಪುರಾವೆ ಹಿಡಿದು ನಿಲ್ಲಬೇಕು. ಧಾರಾಳ ಕೈಯವರನ್ನು ಎಲ್ಲರೂ ಪ್ರಶ್ನಿಸುತ್ತಾರೆ. ಬಿಗಿ ಕೈಯವರಿಗೆ 'ಇವರ ಮಾನದಂಡ ಎತ್ತರದ್ದು' ಎಂಬ ಗೌರವ ಸಿಗುತ್ತದೆ, ಅವರ ಕೆಳಗಿನವರು ಸದ್ದಿಲ್ಲದೆ ಕಳೆದುಕೊಳ್ಳುತ್ತಾರೆ. ಸಭೆಯ ಕೊನೆಗೆ ಎಷ್ಟು ಅಂಕ ಇಳಿದವು, ಎಷ್ಟು ಏರಿದವು ಎಂದು ಎಣಿಸಿ. ಒಂದೂ ಏರಿಲ್ಲದಿದ್ದರೆ ಅಲ್ಲಿ ತಿದ್ದಿದ್ದು ಅರ್ಧ ತಪ್ಪನ್ನು ಮಾತ್ರ.

ಈ ಸಲಕ್ಕೆ ಹೀಗೆ ತಯಾರಾಗಿ. ಒಂಬತ್ತು ಜನಕ್ಕೂ ಮೂರು ಮೂರು ಸಾಲು ಬರೆಯಿರಿ: ಈ ಹುದ್ದೆಯಿಂದ ನಿರೀಕ್ಷೆ ಏನಿತ್ತು, ಏನಾಯಿತು, ಟೀಮಿನ ಹೊರಗೆ ಅದನ್ನು ಬಲ್ಲವರು ಯಾರು. ಟೆಸ್ಟಿಂಗ್ ಮಾಡುವವರ ಬಗ್ಗೆ 'ಬಹಳ ಎಚ್ಚರಿಕೆಯಿಂದ ಕೆಲಸ ಮಾಡುತ್ತಾರೆ' ಎಂದು ಬರೆಯುವ ಬದಲು ಹೀಗೆ ಬರೆಯಬಹುದು: 'ಹಳೆಯ ಫೀಚರ್‌ಗಳ ಟೆಸ್ಟ್‌ಗೆ ಪ್ರತಿ ರಿಲೀಸ್‌ಗೂ ನಾಲ್ಕು ದಿನ ಹಿಡಿಯುತ್ತಿತ್ತು. ಆಗಸ್ಟ್‌ನಲ್ಲಿ ಇವರು ಅದನ್ನು ಆಟೊಮೇಟ್ ಮಾಡಿ ಒಂದು ದಿನಕ್ಕೆ ಇಳಿಸಿದರು. ಈಗ ಪಕ್ಕದ ಟೀಮೂ ಅದನ್ನೇ ಬಳಸುತ್ತಿದೆ, ಅವರ ಲೀಡ್ ಅನ್ನು ಕೇಳಬಹುದು.' ಒಬ್ಬೊಬ್ಬರದನ್ನೂ ಒಂದೂವರೆ ನಿಮಿಷದಲ್ಲಿ ಹೇಳುವಂತಿರಲಿ. ಅಂಥ ಮೂರು ಸಾಲು ಯಾರಿಗಾದರೂ ಬರೆಯಲು ಆಗದಿದ್ದರೆ, ಅವರಿಗೆ ನೀವು ಹಾಕಿದ 4 ಬಹುಶಃ 3. ಅದನ್ನು ಮನೆಯಲ್ಲೇ ತಿದ್ದಿಕೊಂಡು ಹೋಗಿ. ನೀವಾಗಿಯೇ ಒಂದು ಇಳಿಸಿ ತಂದಿದ್ದೀರಿ ಎಂದು ತಿಳಿದಾಗ ಉಳಿದ 4ಗಳ ಮೇಲೆ ಕೋಣೆಗೆ ನಂಬಿಕೆ ಬರುತ್ತದೆ.

ಒಪ್ಪಲಾಗದ ತೀರ್ಮಾನ ಬಂದರೆ ಅಲ್ಲೇ ಕೇಳಿ: 'ಯಾವ ಕಾರಣಕ್ಕೆ 3, ಒಂದು ವಾಕ್ಯದಲ್ಲಿ ಬರೆದುಕೊಳ್ಳೋಣ.' ಕಾರಣ ಬರೆಯಲು ಹೊರಟಾಗಲೇ ಕೆಲವು ತೀರ್ಮಾನಗಳು ನಿಲ್ಲದೆ ಹೋಗುತ್ತವೆ. ನಿಂತರೆ ನಿಮ್ಮ ಭಿನ್ನಾಭಿಪ್ರಾಯವನ್ನೂ ದಾಖಲಿಸಲು ಹೇಳಿ, ರೇಟಿಂಗ್ ಅಂತಿಮವಾಗುವ ಮೊದಲು ಹೊಸ ಪುರಾವೆ ಹಿಡಿದು ನಿಮ್ಮ ಮೇಲಿನವರ ಬಳಿ ಒಮ್ಮೆ ಹೋಗಿ. ಇದರಲ್ಲಿ ಅಪಾಯ ಇಲ್ಲ ಎಂದು ಹೇಳುವುದಿಲ್ಲ. ಐದು ಜನಕ್ಕಾಗಿ ಹೀಗೆ ಓಡಾಡಿದರೆ ಜಗಳಗಂಟಿ ಎಂಬ ಹೆಸರು ಬರುತ್ತದೆ, ಆಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ನಿಜಕ್ಕೂ ತಪ್ಪಾಗಿದೆ ಎನಿಸಿದ ಒಬ್ಬರಿಗಾಗಿ ಮಾತ್ರ ಹೋಗಿ.

ಇನ್ನು ಆ ಹುಡುಗಿ. 'ನಾನು 4 ಕೊಟ್ಟಿದ್ದೆ, ಅವರು ಕತ್ತರಿಸಿದರು' ಎನ್ನಬೇಡಿ. ಹಾಗೆಂದರೆ ನಿಮ್ಮ ಮನಸ್ಸು ಹಗುರವಾಗುತ್ತದೆ, ಅವಳಿಗೆ ಮಾತ್ರ ಏನೂ ಸಿಗುವುದಿಲ್ಲ. ಯಾರೋ ಕಾಣದವರು ತನ್ನ ವಿರುದ್ಧ ಇದ್ದಾರೆ ಎಂಬ ಭಯ ಉಳಿಯುತ್ತದೆ, ಮುಂದಿನ ವರ್ಷ ನಿಮ್ಮ ಮಾತನ್ನು ಅವಳು ಯಾಕೆ ನಂಬಬೇಕು? ಸುಳ್ಳನ್ನೂ ಹೇಳಬೇಡಿ. '3 ಸರಿ ಎಂದೇ ನನಗೆ ಮೊದಲಿನಿಂದ ಅನಿಸಿತ್ತು' ಎಂಬ ಮಾತು ಒಂದಲ್ಲ ಒಂದು ದಿನ ಹೊರಬರುತ್ತದೆ. ಸಭೆಯಲ್ಲಿ ಬೇರೆಯವರ ಬಗ್ಗೆ ಆಡಿದ ಮಾತನ್ನು ಹೊರಗೆ ತರುವ ಹಾಗಿಲ್ಲ, ಆದರೆ ಅವಳ ಕೆಲಸದ ಬಗ್ಗೆ ಅಲ್ಲಿ ಸ್ಪಷ್ಟವಾದ ಕಾರಣವನ್ನು ಅವಳಿಗೆ ಕೊಡಬಹುದು.

ಒಂದು ವರ್ಷ ತಡವಾಯಿತು, ಆದರೂ ಈಗಲೇ ಅವಳನ್ನು ಕೂರಿಸಿಕೊಂಡು ಹೀಗೆ ಹೇಳಿ: 'ಕಳೆದ ವರ್ಷ ನೀನು ಕಾರಣ ಕೇಳಿದಾಗ ನಾನು ಉತ್ತರ ಕೊಡಲಿಲ್ಲ, ಅದು ನನ್ನ ತಪ್ಪು. ನಿನ್ನ ಹುದ್ದೆಯ ಮಟ್ಟದಲ್ಲಿ 4 ಎಂದರೆ ಕೆಲಸದ ಫಲ ನಮ್ಮ ಟೀಮಿನ ಆಚೆಗೂ ಕಾಣಬೇಕು. ನಿನ್ನದು ಹಾಗೆ ಇತ್ತೋ ಇಲ್ಲವೋ ಎಂದು ತೋರಿಸುವಷ್ಟು ವಿವರ ಅವತ್ತು ನನ್ನ ಕೈಯಲ್ಲಿ ಇರಲಿಲ್ಲ. ಈ ವರ್ಷ ನೀನು ಮಾಡಿದ ಅಂಥ ಕೆಲಸ ಯಾವುದು, ಯಾರಿಗೆ ಉಪಯೋಗ ಆಯಿತು ಎಂದು ನಾವಿಬ್ಬರೂ ಕೂತು ಈಗಲೇ ಬರೆಯೋಣ.' ನಿಮ್ಮ ಕಂಪನಿಯ ಲಿಖಿತ ಮಾನದಂಡದಲ್ಲಿ 4ಕ್ಕೆ ಬೇರೆ ಅರ್ಥ ಇದ್ದರೆ ಆ ವಾಕ್ಯವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಆ ಮಾನದಂಡದ ಹಾಳೆಯನ್ನು ಅವಳ ಕೈಗೇ ಕೊಡಿ.